ತರಗತಿಯಲ್ಲಿ ಭಾಷೆ ಬದಲಿಸುವಿಕೆ: ದ್ವಿಭಾಷಿಕ ವಿದ್ಯಾರ್ಥಿಗಳು ಮತ್ತು ಕಠಿಣ ಪಾಠದ ಗ್ರಹಿಕೆ

ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು ಒಂದೇ ಮಾತುಕತೆಯಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವುದನ್ನು ಭಾಷಾಶಾಸ್ತ್ರದಲ್ಲಿ ಕೋಡ್ ಸ್ವಿಚಿಂಗ್ ಎನ್ನುತ್ತಾರೆ. ಈ ಹೊರಳುವಿಕೆ ಎರಡು ವಾಕ್ಯಗಳ ನಡುವೆ ನಡೆಯಬಹುದು, ಒಂದೇ ವಾಕ್ಯದ ಒಳಗೂ ನಡೆಯಬಹುದು. ವಾಕ್ಯದ ಒಳಗೆ ನಡೆಯುವುದನ್ನು ಕೆಲವರು ಕೋಡ್ ಮಿಕ್ಸಿಂಗ್ ಅಥವಾ ಭಾಷಾ ಮಿಶ್ರಣ ಎಂದು ಬೇರೆಯಾಗಿ ಹೆಸರಿಸುತ್ತಾರೆ. ಶಾಲೆಯ ಮಟ್ಟಿಗೆ ಈ ವಿಂಗಡಣೆಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಪಾಠದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆದಾಗ ಮಗು ಕಷ್ಟದ ವಿಷಯವನ್ನು ಯಾವುದರಲ್ಲಿ ಯೋಚಿಸುತ್ತದೆ, ಯಾವುದರಲ್ಲಿ ಉತ್ತರಿಸುತ್ತದೆ, ಮತ್ತು ಈ ಎರಡರ ನಡುವಿನ ದಾರಿಯಲ್ಲಿ ಶಿಕ್ಷಕರು ಏನು ಮಾಡುತ್ತಾರೆ ಎಂಬುದೇ ಆ ಪ್ರಶ್ನೆ. ಕರ್ನಾಟಕದ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ತರಗತಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಬೇರೆ ದೇಶಗಳ ಅಧ್ಯಯನಗಳ ಬೆಳಕಿನಲ್ಲಿ ಈ ಲೇಖನ ಅದನ್ನು ಪರಿಶೀಲಿಸುತ್ತದೆ.

ದೋಷವೆಂದು ಕಂಡ ಕಾಲ

ಭಾಷೆ ಬೆರೆಸುವುದನ್ನು ವಿದ್ವಾಂಸರೂ ಬಹುಕಾಲ ಅರೆಕಲಿಕೆಯ ಗುರುತೆಂದೇ ನೋಡಿದರು. ಭಾಷಾ ಸಂಪರ್ಕದ ಅಧ್ಯಯನಕ್ಕೆ ತಳಹದಿ ಹಾಕಿದ ಯೂರಿಯಲ್ ವೈನ್‌ರೈಕ್ ಕೂಡ 1953ರ ತಮ್ಮ ಪುಸ್ತಕದಲ್ಲಿ, ಆದರ್ಶ ದ್ವಿಭಾಷಿಕನು ಸಂದರ್ಭ ಬದಲಾದಾಗ ಮಾತ್ರ ಭಾಷೆ ಬದಲಿಸುತ್ತಾನೆ, ಒಂದೇ ವಾಕ್ಯದೊಳಗಂತೂ ಬದಲಿಸುವುದಿಲ್ಲ ಎಂಬ ನಿಲುವು ತಳೆದಿದ್ದರು. 1972ರಲ್ಲಿ ಯಾನ್-ಪೆಟ್ಟರ್ ಬ್ಲೊಮ್ ಮತ್ತು ಜಾನ್ ಗಂಪರ್ಜ್ ನಾರ್ವೆಯ ಹೆಮ್ನೆಸ್‌ಬೆರ್ಗೆಟ್ ಎಂಬ ಪುಟ್ಟ ಊರಿನ ಮಾತನ್ನು ವಿಶ್ಲೇಷಿಸಿ, ಹೀಗೆ ಹೊರಳುವುದಕ್ಕೆ ಸಾಮಾಜಿಕ ಅರ್ಥವಿದೆ ಎಂದು ತೋರಿಸಿದರು. 1980ರಲ್ಲಿ ಶಾನಾ ಪಾಪ್ಲಾಕ್ ನ್ಯೂಯಾರ್ಕಿನ ಪೋರ್ಟೊ ರಿಕೋ ಮೂಲದವರ ಮಾತನ್ನು ಪರಿಶೀಲಿಸಿದಾಗ, ವಾಕ್ಯದೊಳಗೇ ಸರಾಗವಾಗಿ ಭಾಷೆ ಬದಲಿಸುವವರು ಎರಡೂ ಭಾಷೆಯಲ್ಲಿ ಗಟ್ಟಿಗರು ಎಂಬುದು ಕಂಡುಬಂತು.

ಕನ್ನಡದ ಬಗ್ಗೆಯೂ ಇದೇ ಹೊತ್ತಿಗೆ ಕೆಲಸ ನಡೆಯಿತು. ಎಸ್. ಎನ್. ಶ್ರೀಧರ್ 1978ರಲ್ಲಿ ಕನ್ನಡದಲ್ಲಿ ಇಂಗ್ಲಿಷ್ ಬೆರೆಯುವ ಬಗೆ ಮತ್ತು ಅದರ ಉದ್ದೇಶಗಳನ್ನು ಕುರಿತು ಬರೆದರು. ಬೆರಕೆ ಮಾತಿಗೂ ವ್ಯಾಕರಣವಿದೆ. ಇಂಗ್ಲಿಷ್ ಪದ ಬಂದರೂ ವಾಕ್ಯದ ಚೌಕಟ್ಟು, ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಕೊನೆ ಎಲ್ಲವೂ ಕನ್ನಡದ್ದೇ. ‘ಹೀಟನ್ನು ಅಬ್ಸಾರ್ಬ್ ಮಾಡುತ್ತೆ’, ‘ಟೆಂಪರೇಚರ್‌ಗೆ ಏನಾಗುತ್ತೆ?’ ಎಂಬಂಥ ಮಾತು ಯಾವ ಶಾಲೆಯಲ್ಲೂ ಕೇಳಿಸುತ್ತದೆ. ಪಾಠಕ್ಕೆ ಇದರಿಂದ ಒಂದು ಲಾಭವಿದೆ, ಅದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಇಂಗ್ಲಿಷ್ ಪಠ್ಯಪುಸ್ತಕದ ವಿಜ್ಞಾನ ವಾಕ್ಯಗಳು ಹೆಚ್ಚಾಗಿ ಕರ್ಮಣಿ ಪ್ರಯೋಗದಲ್ಲಿರುತ್ತವೆ. ಯಾವುದು ಯಾವುದಕ್ಕೆ ಏನು ಮಾಡಿತು ಎಂಬುದು ಅಲ್ಲಿ ಮಗುವಿಗೆ ತಕ್ಷಣ ಹೊಳೆಯುವುದಿಲ್ಲ. ಬೆರಕೆ ಮಾತಿನಲ್ಲಿ ‘ಮೆಲ್ಟ್ ಮಾಡುತ್ತೆ’ ಅಥವಾ ‘ಮೆಲ್ಟ್ ಆಗುತ್ತೆ’ ಎಂದು ಎರಡರಲ್ಲೊಂದನ್ನು ಹೇಳಲೇಬೇಕು. ಹಾಗೆ ಹೇಳುವಾಗಲೇ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತೀರ್ಮಾನವಾಗಿಬಿಡುತ್ತದೆ.

ಆದರೆ ಶಾಲೆಗಳ ಧೋರಣೆ ಭಾಷಾಶಾಸ್ತ್ರದ ಬೆನ್ನು ಹಿಡಿದು ಬದಲಾಗಲಿಲ್ಲ. ಹತ್ತೊಂಬತ್ತನೇ ಶತಮಾನದ ವೇಲ್ಸ್‌ನಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ಶಾಲೆಯಲ್ಲಿ ಗಿಕುಯು ಮಾತಾಡಿದ ಮಕ್ಕಳಿಗೆ ಆಗುತ್ತಿದ್ದ ಶಿಕ್ಷೆಯನ್ನು 1986ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಆವರಣದಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳು ನಮ್ಮಲ್ಲಿಯೂ ಇದ್ದವು, ಈಗಲೂ ಅಲ್ಲಲ್ಲಿ ಇವೆ. ಇಂಥ ಕಡೆ ಭಾಷೆ ಬದಲಿಸುವುದು ನಿಂತುಹೋಗುವುದಿಲ್ಲ. ಬಾಗಿಲು ಮುಚ್ಚಿ, ದನಿ ತಗ್ಗಿಸಿ ನಡೆಯುತ್ತದೆ, ಅಷ್ಟೇ. ದಕ್ಷಿಣ ಆಫ್ರಿಕಾದ ಸಂಶೋಧಕಿ ಮಾರ್ಗಿ ಪ್ರೊಬಿನ್ ಇದನ್ನು ಮನೆಮಾತನ್ನು ತರಗತಿಗೆ ಕದ್ದು ಸಾಗಿಸುವುದು ಎಂದು ಬಣ್ಣಿಸಿದ್ದಾರೆ. ಕದ್ದು ಬಂದದ್ದಕ್ಕೆ ಯೋಜನೆ ಇರುವುದಿಲ್ಲ. ಶಿಕ್ಷಕರು ಯಾವಾಗ ಭಾಷೆ ಬದಲಿಸಬೇಕು, ಯಾವಾಗ ಮರಳಬೇಕು ಎಂದು ಮುಂಚೆ ಯೋಚಿಸಿರುವುದಿಲ್ಲ. ಕೇಳಿದರೆ ಬದಲಿಸಿದ್ದನ್ನೇ ಒಪ್ಪಿಕೊಳ್ಳುವುದಿಲ್ಲ.

ಆಡುಮಾತು ಮತ್ತು ಪಾಠದ ಮಾತು

ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಒಂದು ವ್ಯತ್ಯಾಸ ಗುರುತಿಸಿದರು. ಆಟದ ಬಯಲಿನಲ್ಲಿ, ಅಂಗಡಿಯಲ್ಲಿ ಮಾತಾಡಲು ಬೇಕಾದ ಭಾಷೆ ಬೇರೆ, ಕಣ್ಣೆದುರು ಇಲ್ಲದ ವಿಷಯವನ್ನು ವಿವರಿಸಲು, ಹೋಲಿಸಲು, ಕಾರಣ ಕೊಡಲು ಬೇಕಾದ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಮೊದಲನೆಯದು ಒಂದೆರಡು ವರ್ಷದಲ್ಲಿ ಕೈಹಿಡಿಯಬಹುದು, ಎರಡನೆಯದಕ್ಕೆ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಒಂದು ಭಾಷೆಯಲ್ಲಿ ದಕ್ಕಿದ ಪರಿಕಲ್ಪನೆ ಇನ್ನೊಂದಕ್ಕೂ ಒದಗುತ್ತದೆ ಎಂಬುದು ಅವರ ಇನ್ನೊಂದು ವಾದ. ಕನ್ನಡದಲ್ಲಿ ಭಿನ್ನರಾಶಿ ಅರ್ಥವಾದ ಮಗು ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ, ಅದನ್ನು ಹೇಳುವ ಬಗೆಯನ್ನಷ್ಟೇ ಕಲಿಯಬೇಕು.

ಕಮಿನ್ಸ್ ಮುಖ್ಯವಾಗಿ ನೋಡಿದ್ದು ವಲಸೆ ಬಂದ ಮಕ್ಕಳನ್ನು. ಅವರಿಗೆ ಬೀದಿಯಲ್ಲಾದರೂ ಇಂಗ್ಲಿಷ್ ಸಿಗುತ್ತಿತ್ತು. ಮಂಡ್ಯದ ಅಥವಾ ಕೊಪ್ಪಳದ ಹಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ಬೀದಿಯ ಇಂಗ್ಲಿಷ್ ಎಂಬುದೇ ಇಲ್ಲ. ಆ ಮಗು ಕೇಳುವ ಇಂಗ್ಲಿಷೆಲ್ಲ ಪಠ್ಯಪುಸ್ತಕದ್ದು, ಅಂದರೆ ಕಷ್ಟದ ಬಗೆಯದೇ. ಅದಕ್ಕೆ ಕೆಳಗಿನ ಮೆಟ್ಟಿಲಾಗಿ ಇರುವುದು ಕನ್ನಡ ಮಾತ್ರ. ಹೊರದೇಶದ ಸಂಶೋಧನೆಯನ್ನು ಇಲ್ಲಿಗೆ ಅನ್ವಯಿಸುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಭಾಷೆ ತೊಡಕಾದಾಗ ಯಾವ ವಿಷಯಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ ಎಂಬುದಕ್ಕೆ ಹಾಂಗ್‌ಕಾಂಗ್‌ನಿಂದ ಒಳ್ಳೆಯ ಸಾಕ್ಷ್ಯವಿದೆ. ಅಲ್ಲಿ ಪ್ರಾಥಮಿಕ ಹಂತವನ್ನು ಚೀನೀ ಮಾಧ್ಯಮದಲ್ಲಿ ಮುಗಿಸಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳನ್ನು ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಚರಿತ್ರೆ, ಭೂಗೋಳ, ವಿಜ್ಞಾನದಲ್ಲಿ ಮಕ್ಕಳು ದೊಡ್ಡ ಪ್ರಮಾಣದಲ್ಲಿ ಹಿಂದೆ ಬಿದ್ದಿದ್ದರು. ಗಣಿತದಲ್ಲಿ ಹಿನ್ನಡೆ ಅಷ್ಟು ದೊಡ್ಡದಾಗಿರಲಿಲ್ಲ. ವಿವರಣೆಯ ಮೇಲೆ ನಿಂತ ವಿಷಯಗಳೇ ಭಾಷೆಯ ಭಾರವನ್ನು ಹೆಚ್ಚು ಹೊರುತ್ತವೆ ಎಂದು ಇದರಿಂದ ತಿಳಿಯಬಹುದು.

ಒಂದು ಪಾಠ: ಮಂಜುಗಡ್ಡೆ ಕರಗುವುದು

ಒಂಬತ್ತನೇ ತರಗತಿಯ ಗುಪ್ತೋಷ್ಣದ ಪಾಠವನ್ನು ತೆಗೆದುಕೊಳ್ಳೋಣ. ಪ್ರಯೋಗ ಸರಳವಾದದ್ದು. ಬೀಕರಿನಲ್ಲಿ ಸುಮಾರು 150 ಗ್ರಾಂ ಮಂಜುಗಡ್ಡೆ ಹಾಕಿ, ಥರ್ಮಾಮೀಟರಿನ ಬುರುಡೆ ಅದಕ್ಕೆ ತಾಗುವಂತೆ ತೂಗುಹಾಕಿ, ಸಣ್ಣ ಉರಿಯಲ್ಲಿ ಕಾಯಿಸಬೇಕು. ಮಂಜುಗಡ್ಡೆ ಪೂರ್ತಿ ಕರಗುವ ತನಕ ಥರ್ಮಾಮೀಟರ್ 0 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತಿರುತ್ತದೆ. ಆಮೇಲಷ್ಟೇ ಏರುತ್ತದೆ. ಕೊಟ್ಟ ಉಷ್ಣ ಎಲ್ಲಿಗೆ ಹೋಯಿತು ಎಂಬುದು ಪಾಠದ ತಿರುಳು.

ಇಂಗ್ಲಿಷ್ ಮಾತ್ರ ಬಳಸುವ ತರಗತಿಯಲ್ಲಿ ಇದು ಸಾಮಾನ್ಯವಾಗಿ ಹೇಗೆ ಸಾಗುತ್ತದೆ? ಶಿಕ್ಷಕರು ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಓದುತ್ತಾರೆ. ‘ದಿಸ್ ಹೀಟ್ ಈಸ್ ಕಾಲ್ಡ್...’ ಎಂದು ನಿಲ್ಲಿಸುತ್ತಾರೆ. ತರಗತಿ ಒಕ್ಕೊರಲಿನಲ್ಲಿ ‘ಲೇಟೆಂಟ್ ಹೀಟ್’ ಎನ್ನುತ್ತದೆ. ಪ್ರಶ್ನೆಗೆ ಉತ್ತರ ಬಂದಿದೆ, ಆದರೆ ಯಾರೂ ಯೋಚಿಸಿಲ್ಲ. ದಕ್ಷಿಣ ಆಫ್ರಿಕಾದ ಜುಲು ಮಕ್ಕಳ ತರಗತಿಗಳಲ್ಲಿ ಇದನ್ನೇ ಕಂಡ ಕೀತ್ ಚಿಕ್, ಶಿಕ್ಷಕರ ಮತ್ತು ಮಕ್ಕಳ ಮಾನ ಕಾಯುವ ಸುರಕ್ಷಿತ ಮಾತು ಎಂದು 1996ರಲ್ಲಿ ಇದಕ್ಕೆ ಹೆಸರಿಟ್ಟರು. ಒಕ್ಕೊರಲಿನ ಉತ್ತರದಲ್ಲಿ ತಿಳಿಯದವನೂ ತಿಳಿದವನೂ ಒಂದೇ.

ಈಗ ಅದೇ ಶಿಕ್ಷಕರು ವ್ಯಾಖ್ಯೆಗೆ ಮುಂಚೆ ಭಾಷೆ ಬದಲಿಸುತ್ತಾರೆ ಎಂದುಕೊಳ್ಳೋಣ. ‘ಉರಿ ಹೊತ್ತಿಸಿ ಆಗಲೇ ಇಷ್ಟು ಹೊತ್ತಾಯ್ತು. ಥರ್ಮಾಮೀಟರ್ ಯಾಕೆ ಮೇಲೆ ಹೋಗಿಲ್ಲ? ಹೇಳಮ್ಮ.’ ಉತ್ತರಗಳು ಬರತೊಡಗುತ್ತವೆ. ‘ಸಾರ್, ಥರ್ಮಾಮೀಟರ್ ಕೆಟ್ಟಿರ್ಬೇಕು.’ ‘ಇಲ್ಲ ಸಾರ್, ಐಸ್ ತಣ್ಣಗಿರುತ್ತಲ್ಲ, ಅದು ಬಿಸೀನ ಕೊಲ್ತಾ ಇದೆ.’ ‘ಬಿಸಿ ಗ್ಲಾಸಿಂದ ಆಚೆ ಹೋಗ್ತಿದೆ.’ ಮೂರೂ ತಪ್ಪು ಉತ್ತರಗಳೇ. ಆದರೆ ಶಿಕ್ಷಕರಿಗೆ ಬೇಕಾಗಿದ್ದದ್ದು ಇವೇ. ಎರಡನೆಯ ಉತ್ತರದಲ್ಲಿ ತಂಪು ಎಂಬುದೂ ಒಂದು ವಸ್ತು, ಅದು ಬಿಸಿಯ ಜೊತೆ ಹೊಡೆದಾಡುತ್ತದೆ ಎಂಬ ನಂಬಿಕೆ ಇದೆ. ಹಲವು ದೇಶಗಳ ಮಕ್ಕಳಲ್ಲಿ ಕಾಣುವ ಈ ತಪ್ಪುಗ್ರಹಿಕೆಯನ್ನು ಅರೆಬರೆ ಇಂಗ್ಲಿಷಿನಲ್ಲಿ ಯಾವ ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಕ್ಕೆ ಹೊರಳಿದ್ದರಿಂದ ಮಗುವಿಗೆ ಆದ ಲಾಭ ಅರ್ಧ. ಉಳಿದರ್ಧ ಶಿಕ್ಷಕರದು, ಮಗುವಿನ ತಲೆಯಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಾಯಿತು.

ಇಲ್ಲಿ ಕನ್ನಡ ತನ್ನದೇ ಒಂದು ತೊಡಕನ್ನೂ ತರುತ್ತದೆ. ಆಡುಮಾತಿನಲ್ಲಿ ‘ಬಿಸಿ’ ಎಂಬುದು ಒಲೆ ಕೊಡುವುದಕ್ಕೂ ಥರ್ಮಾಮೀಟರ್ ತೋರಿಸುವುದಕ್ಕೂ ನಡೆಯುತ್ತದೆ. ಈ ಎರಡನ್ನು ಬೇರ್ಪಡಿಸದೆ ಪಾಠ ಮುಂದೆ ಹೋಗದು. ಅನುಭವಸ್ಥ ಶಿಕ್ಷಕರು ಇಲ್ಲೇ ಮತ್ತೆ ಇಂಗ್ಲಿಷಿನತ್ತ ಹೊರಳುತ್ತಾರೆ. ‘ನಾವು ಕೊಡ್ತಿರೋ ಬಿಸಿ ಹೀಟ್, ಥರ್ಮಾಮೀಟರ್ ತೋರಿಸೋದು ಟೆಂಪರೇಚರ್. ಹೀಟ್ ಕೊಡ್ತಾನೇ ಇದೀವಿ, ಟೆಂಪರೇಚರ್ ಏರ್ತಾ ಇಲ್ಲ. ಹಂಗಾದ್ರೆ ಹೀಟು ಯಾವ ಕೆಲಸಕ್ಕೆ ಹೋಯ್ತು?’ ಕನ್ನಡ ಮಾಧ್ಯಮದ ಪುಸ್ತಕದಲ್ಲಿ ಇವಕ್ಕೆ ಉಷ್ಣ, ತಾಪ ಎಂಬ ಪದಗಳಿವೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಅವು ಹೀಟ್, ಟೆಂಪರೇಚರ್‌ಗಿಂತ ಹತ್ತಿರದವೇನಲ್ಲ. ಗುಪ್ತೋಷ್ಣ ಎಂದರಂತೂ ಇನ್ನೊಂದು ಹೊಸ ಪದ ಕಲಿತಂತಾಗುತ್ತದೆ, ಅಷ್ಟೇ. ಆದ್ದರಿಂದ ಶಿಕ್ಷಕರು ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡು, ಅದರ ಸುತ್ತಲಿನ ತರ್ಕವನ್ನು ಕನ್ನಡದಲ್ಲಿ ಕಟ್ಟುವುದು ಸರಿಯಾದ ಕ್ರಮವೇ. ಇದನ್ನು ಭಾಷೆಯ ಮೇಲಿನ ಅಸಡ್ಡೆ ಎಂದು ದೂರುವವರು ಆ ಕ್ಷಣದಲ್ಲಿ ಮಗುವಿಗೆ ಬೇಕಾದದ್ದೇನು ಎಂಬುದನ್ನು ಮರೆಯುತ್ತಾರೆ.

ಇನ್ನು ಉತ್ತರ. ಮಂಜುಗಡ್ಡೆಯ ಕಣಗಳನ್ನು ಹಿಡಿದಿಟ್ಟ ಬಂಧವನ್ನು ಸಡಿಲಿಸಲು ಉಷ್ಣ ಖರ್ಚಾಗುತ್ತದೆ. ಒಂದು ಗ್ರಾಂ ಕರಗಲು ಸುಮಾರು 334 ಜೂಲ್ ಬೇಕು. 150 ಗ್ರಾಮಿಗೆ ಸುಮಾರು 50,000 ಜೂಲ್. ಅಷ್ಟೇ ಉಷ್ಣ ಕೊಟ್ಟರೆ ಅದೇ 150 ಗ್ರಾಂ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿಗೆ ಏರಿಸಬಹುದು. ಈ ಹೋಲಿಕೆಯನ್ನು ಕನ್ನಡದಲ್ಲಿ ಹೇಳಿದಾಗ ಮಕ್ಕಳಿಗೆ ಗುಪ್ತೋಷ್ಣದ ಗಾತ್ರದ ಅಂದಾಜು ಸಿಗುತ್ತದೆ. ಪ್ರಯೋಗದಲ್ಲಿ ಒಂದು ಎಚ್ಚರ ಬೇಕು. ಮಂಜುಗಡ್ಡೆ ದಪ್ಪ ತುಂಡುಗಳಾಗಿದ್ದು ಕಲಕದೆ ಬಿಟ್ಟರೆ, ಅಥವಾ ಬುರುಡೆ ಬೀಕರಿನ ತಳ ಮುಟ್ಟಿದರೆ, ಗಡ್ಡೆ ಉಳಿದಿರುವಾಗಲೇ ಥರ್ಮಾಮೀಟರ್ ಏರಿಬಿಡುತ್ತದೆ. ಆಗ ಮಕ್ಕಳು ಕಣ್ಣಾರೆ ಕಂಡದ್ದಕ್ಕೂ ಪುಸ್ತಕ ಹೇಳುವುದಕ್ಕೂ ತಾಳೆಯಾಗದು. ಯಾಕೆ ಹೀಗಾಯಿತು ಎಂದು ವಿವರಿಸಲು ಮತ್ತೆ ಮನೆಮಾತೇ ಬೇಕಾಗುತ್ತದೆ.

ಮರಳುವ ದಾರಿ

ಪಾಠ ಇಲ್ಲಿಗೇ ನಿಂತರೆ ಅರ್ಧವಾದಂತೆ. ನಮ್ಮ ಬಹುಪಾಲು ತರಗತಿಗಳು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಚೆನ್ನಾಗಿ ಅರ್ಥವಾದ ಮೇಲೆ ಶಿಕ್ಷಕರು ‘ಈಗ ನೋಟ್ಸ್ ಬರ್ಕೊಳ್ಳಿ’ ಎನ್ನುತ್ತಾರೆ. ಬೋರ್ಡಿನ ಮೇಲಿನ ಇಂಗ್ಲಿಷ್ ವಾಕ್ಯ ನೋಟ್‌ಬುಕ್ಕಿಗೆ ಇಳಿಯುತ್ತದೆ. ಮಗು ಅರ್ಥ ಮಾಡಿಕೊಂಡದ್ದು ಕನ್ನಡದಲ್ಲಿ, ಬರೆದುಕೊಂಡದ್ದು ಇಂಗ್ಲಿಷಿನಲ್ಲಿ. ಎರಡರ ನಡುವೆ ಸೇತುವೆ ಕಟ್ಟಿಲ್ಲ. ಪರೀಕ್ಷೆಯಲ್ಲಿ ಉರು ಹೊಡೆದ ವಾಕ್ಯ ಬರುತ್ತದೆ, ಪ್ರಶ್ನೆ ಸ್ವಲ್ಪ ತಿರುಗಿದರೆ ಅದೂ ಬರುವುದಿಲ್ಲ.

ದಕ್ಷಿಣ ಆಫ್ರಿಕಾದ ಗಣಿತ ತರಗತಿಗಳನ್ನು ಅಧ್ಯಯನ ಮಾಡಿದ ಮಾಮೊಖೆಟಿ ಸೆಟಾಟಿ ಮತ್ತು ಜಿಲ್ ಆಡ್ಲರ್ 2000ದ ಲೇಖನವೊಂದರಲ್ಲಿ ಈ ದಾರಿಯನ್ನು ಬಿಡಿಸಿ ತೋರಿಸಿದರು. ಮಗು ಹೊರಡುವುದು ಮನೆಮಾತಿನ ಅನೌಪಚಾರಿಕ ಮಾತಿನಿಂದ. ತಲುಪಬೇಕಾದದ್ದು ಇಂಗ್ಲಿಷಿನ ಔಪಚಾರಿಕ ಬರಹವನ್ನು. ನಡುವೆ ಮೂರು ದಾಟುಗಳಿವೆ: ಭಾಷೆಯಿಂದ ಭಾಷೆಗೆ, ಆಡುವುದರಿಂದ ಬರೆಯುವುದಕ್ಕೆ, ಸಡಿಲ ಮಾತಿನಿಂದ ವಿಷಯದ ಖಚಿತ ಮಾತಿಗೆ. ಮೂರನ್ನೂ ಒಂದೇ ನೆಗೆತದಲ್ಲಿ ದಾಟು ಎಂದರೆ ಮಗುವಿಗೆ ಆಗದು. ಪ್ರೊಬಿನ್ ಗಮನಿಸಿದ ಈಸ್ಟರ್ನ್ ಕೇಪ್ ಪ್ರಾಂತ್ಯದ ವಿಜ್ಞಾನ ಶಿಕ್ಷಕರಲ್ಲಿ ಹೆಚ್ಚಿನವರು ಖೋಸಾ ಭಾಷೆಯನ್ನು ಅಲ್ಪಸ್ವಲ್ಪ ಬಳಸಿದರೆ, ಅದನ್ನು ಧಾರಾಳವಾಗಿ ಬಳಸಿ ಪರಿಕಲ್ಪನೆ ಕಟ್ಟಿ, ಆಮೇಲೆ ಯೋಜಿತವಾಗಿ ಇಂಗ್ಲಿಷಿಗೆ ದಾಟಿಸಿದ ಶಿಕ್ಷಕರ ಪಾಠ ಎದ್ದು ಕಂಡಿತು.

ನಮ್ಮ ಗುಪ್ತೋಷ್ಣದ ಪಾಠದಲ್ಲಿ ಇದನ್ನು ಹೀಗೆ ಮಾಡಬಹುದು. ಮೊದಲು ಇಬ್ಬಿಬ್ಬರು ಮಕ್ಕಳು ಕನ್ನಡದಲ್ಲೇ ಕಾರಣ ಹೇಳಿಕೊಳ್ಳಲಿ. ಆಮೇಲೆ ಅದೇ ಮಾತನ್ನು ಹೀಟ್, ಟೆಂಪರೇಚರ್ ಎಂಬ ಪದಗಳನ್ನು ಸರಿಯಾದ ಜಾಗದಲ್ಲಿಟ್ಟು ಕನ್ನಡದಲ್ಲೇ ಇನ್ನೊಮ್ಮೆ ಹೇಳಲಿ. ಮೂರನೆಯದಾಗಿ ಶಿಕ್ಷಕರು ಬೋರ್ಡಿನ ಮೇಲೆ ಇಂಗ್ಲಿಷ್ ವಾಕ್ಯದ ಮೊದಲರ್ಧ ಬರೆದುಕೊಡಲಿ, ‘ದಿ ಟೆಂಪರೇಚರ್ ಡಸ್ ನಾಟ್ ರೈಸ್ ಬಿಕಾಸ್...’ ಎಂಬಲ್ಲಿಗೆ ನಿಲ್ಲಿಸಿ. ಉಳಿದರ್ಧವನ್ನು ಮಗು ತನ್ನ ಇಂಗ್ಲಿಷಿನಲ್ಲಿ ಬಾಯಿಮಾತಿನಲ್ಲಿ ಪೂರ್ತಿ ಮಾಡಲಿ, ವ್ಯಾಕರಣ ತಪ್ಪಿದರೂ ಸರಿ. ಬರೆಯುವುದು ಕೊನೆಗೆ. ಹೀಗೆ ಮಾಡಿದರೆ ಒಂದೊಂದು ಹೆಜ್ಜೆಗೂ ಒಂದೇ ದಾಟು. ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ ಎಂಬುದು ನಿಜ. ಪಾಠ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರು ಇದನ್ನು ಎಲ್ಲ ಪಾಠಕ್ಕೂ ಮಾಡಲಾರರು. ಕಾರಣ ಕೇಳುವ, ಮಕ್ಕಳು ಸದಾ ತಪ್ಪುವ ಪಾಠಗಳನ್ನು ಆರಿಸಿಕೊಂಡು ಮಾಡಬೇಕಾಗುತ್ತದೆ.

ವೇಲ್ಸ್‌ನ ಕೆನ್ ವಿಲಿಯಮ್ಸ್ 1994ರಲ್ಲಿ ಇದಕ್ಕೆ ಹತ್ತಿರದ ಕ್ರಮವೊಂದನ್ನು ವಿವರಿಸಿದ್ದರು. ಒಂದು ಭಾಷೆಯಲ್ಲಿ ಓದಿದ್ದನ್ನು ಇನ್ನೊಂದರಲ್ಲಿ ಚರ್ಚಿಸುವುದು ಅಥವಾ ಬರೆಯುವುದು. ಅರ್ಥ ಮಾಡಿಕೊಳ್ಳದೆ ಹೀಗೆ ಮಾಡಲು ಸಾಧ್ಯವೇ ಇಲ್ಲ ಎಂಬುದೇ ಅದರ ಬಲ. ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂಬ ಹೆಸರಿನಲ್ಲಿ, ಮುಂದೆ ಒಫೀಲಿಯಾ ಗಾರ್ಸಿಯಾ ಮೊದಲಾದವರ ಬರಹಗಳಿಂದ, ಅದು ಹೆಚ್ಚು ವಿಶಾಲವಾದ ಅರ್ಥ ಪಡೆಯಿತು.

ಇದಕ್ಕೆ ತದ್ವಿರುದ್ಧವಾದದ್ದು ವಾಕ್ಯಕ್ಕೆ ವಾಕ್ಯ ಅನುವಾದ. ಶಿಕ್ಷಕರು ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ, ಕೂಡಲೇ ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ. ಮೇಲ್ನೋಟಕ್ಕೆ ಎರಡೂ ಭಾಷೆಗೆ ನ್ಯಾಯ ಸಿಕ್ಕಂತೆ ಕಾಣುತ್ತದೆ. ಆದರೆ ಕನ್ನಡ ಹೇಗೂ ಬರುತ್ತದೆ ಎಂದು ಗೊತ್ತಿರುವ ಮಗು ಇಂಗ್ಲಿಷ್ ನಡೆಯುವಾಗ ಕಿವಿ ಮುಚ್ಚಿಕೊಂಡಿರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಶಿಕ್ಷಕರು ಇಂಗ್ಲಿಷಿನಲ್ಲಿ ಒಂದು ಸೂಚನೆ ಕೊಟ್ಟು ಸುಮ್ಮನೆ ನಿಂತು ನೋಡಬೇಕು. ಎಲ್ಲರೂ ಮುಖ ನೋಡುತ್ತ ಕಾಯುತ್ತಿದ್ದರೆ ಅಲ್ಲಿ ಅನುವಾದದ ಅಭ್ಯಾಸ ಬೇರೂರಿದೆ. ಅರ್ಥವಾಗಿದೆಯೇ ಎಂದು ತಿಳಿಯಲೂ ಇಂಥದೇ ಒಂದು ಪರೀಕ್ಷೆ ಇದೆ. ‘ಅರ್ಥ ಆಯ್ತಾ?’ ಎಂದು ಕೇಳಬಾರದು, ಸನ್ನಿವೇಶ ಬದಲಿಸಿ ಕೇಳಬೇಕು. 0 ಡಿಗ್ರಿಯ ನೀರು, 0 ಡಿಗ್ರಿಯ ಮಂಜುಗಡ್ಡೆ ಎರಡರಲ್ಲಿ ಯಾವುದು ಶರಬತ್ತನ್ನು ಹೆಚ್ಚು ತಂಪು ಮಾಡುತ್ತದೆ, ಯಾಕೆ? ಕನ್ನಡದಲ್ಲೂ ಉತ್ತರ ಬಾರದಿದ್ದರೆ ತೊಡಕಿರುವುದು ವಿಷಯದಲ್ಲಿ. ಕನ್ನಡದಲ್ಲಿ ಬಂದು ಇಂಗ್ಲಿಷಿನಲ್ಲಿ ಬಾರದಿದ್ದರೆ ತೊಡಕಿರುವುದು ದಾಟುವಲ್ಲಿ. ಎರಡಕ್ಕೂ ಮದ್ದು ಬೇರೆ ಬೇರೆ.

ಯಾರ ಮನೆಮಾತು?

ಇಲ್ಲಿಯವರೆಗಿನ ವಿವರಣೆ ಮಗುವಿನ ಮನೆಮಾತು ಕನ್ನಡ ಎಂದು ಭಾವಿಸಿದೆ. ಕರ್ನಾಟಕದ ಎಷ್ಟೋ ತರಗತಿಗಳಲ್ಲಿ ಹಾಗಿಲ್ಲ. ಕಲಬುರಗಿಯಲ್ಲಿ ಉರ್ದು ಅಥವಾ ಲಂಬಾಣಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೋಲಾರದಲ್ಲಿ ತೆಲುಗು, ಬೆಂಗಳೂರಿನಲ್ಲಿ ಇವೆಲ್ಲದರ ಜೊತೆಗೆ ತಮಿಳು, ಹಿಂದಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶಿಕ್ಷಕರು ಕನ್ನಡಕ್ಕೆ ಹೊರಳಿದಾಗ ಬಹುಪಾಲು ಮಕ್ಕಳ ಮುಖ ಅರಳಿದರೆ, ಬಿಹಾರದಿಂದ ಬಂದ ಕಟ್ಟಡ ಕಾರ್ಮಿಕರ ಮಗು ಎರಡನೇ ಸಲವೂ ಹೊರಗುಳಿಯುತ್ತದೆ. ಇಂಥ ಕಡೆ ಎಲ್ಲ ಭಾಷೆಗಳೂ ಶಿಕ್ಷಕರಿಗೆ ಬರಬೇಕೆಂದು ಬಯಸುವುದು ಸಲ್ಲ. ಒಂದೇ ಮನೆಮಾತಿನ ಮಕ್ಕಳನ್ನು ಜೋಡಿ ಮಾಡಿ ಕೂರಿಸಿ, ತಮ್ಮ ಭಾಷೆಯಲ್ಲಿ ಚರ್ಚಿಸಿಕೊಂಡು ಉತ್ತರವನ್ನಷ್ಟೇ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಲು ಬಿಡುವುದು ಕೈಗೆಟುಕುವ ಉಪಾಯ.

ನೀತಿ ಮತ್ತು ಪರೀಕ್ಷೆ

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ನೀಡಿತು. 2019-20ರಲ್ಲಿ ರಾಜ್ಯ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಮುಂದಾಯಿತು. ಹೀಗೆ ಇಂಗ್ಲಿಷ್ ಮಾಧ್ಯಮವು ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಕ್ಕಳತ್ತ ಇನ್ನಷ್ಟು ಹರಡಿತು. ಮಾಧ್ಯಮದ ವಾದವಿವಾದ ನಮ್ಮಲ್ಲಿ ಬಲು ಜೋರಾಗಿ ನಡೆದಿದೆ. ಮಾಧ್ಯಮ ಯಾವುದೇ ಇರಲಿ, ತರಗತಿಯೊಳಗೆ ಎರಡು ಭಾಷೆಗಳನ್ನು ಹೇಗೆ ಬಳಸಬೇಕು ಎಂಬ ಚರ್ಚೆ ಅದರ ನೂರರಲ್ಲೊಂದು ಪಾಲೂ ನಡೆದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಮನೆಮಾತು ಮತ್ತು ಮಾಧ್ಯಮ ಬೇರೆಯಾಗಿರುವ ಮಕ್ಕಳಿಗೆ ದ್ವಿಭಾಷಾ ಕ್ರಮವನ್ನೂ ದ್ವಿಭಾಷಾ ಸಾಮಗ್ರಿಯನ್ನೂ ಬಳಸಲು ಶಿಕ್ಷಕರನ್ನು ಉತ್ತೇಜಿಸಬೇಕೆಂದು ಹೇಳುತ್ತದೆ. ಬಾಗಿಲು ಮುಚ್ಚಿ ಕನ್ನಡ ಬಳಸುತ್ತಿದ್ದ ಶಿಕ್ಷಕರಿಗೆ ಇದು ಒಪ್ಪಿಗೆಯ ಮುದ್ರೆ. ಹೇಗೆ ಬಳಸಬೇಕೆಂಬ ತರಬೇತಿ ಅದರ ಜೊತೆ ಬರಬೇಕು.

ಸಂಶೋಧನೆಗೂ ಮಿತಿಯಿದೆ. ಮೂರು ದಶಕಗಳ ಅಧ್ಯಯನಗಳನ್ನು 2013ರಲ್ಲಿ ಅವಲೋಕಿಸಿದ ಹಾಂಗ್‌ಕಾಂಗ್‌ನ ಏಂಜೆಲ್ ಲಿನ್, ಅವುಗಳಲ್ಲಿ ಹೆಚ್ಚಿನವು ವರ್ಣನೆಯಲ್ಲೇ ನಿಂತಿವೆ ಎಂದು ಟೀಕಿಸಿದರು. ಶಿಕ್ಷಕರು ಯಾವಾಗ ಭಾಷೆ ಬದಲಿಸುತ್ತಾರೆ ಎಂಬುದರ ದಾಖಲೆ ರಾಶಿಯಾಗಿದೆ. ಯಾವ ಬಗೆಯ ಬದಲಾವಣೆಯಿಂದ ಮಕ್ಕಳು ಎಷ್ಟು ಹೆಚ್ಚು ಕಲಿತರು ಎಂದು ಅಳೆದದ್ದು ಕಡಿಮೆ. ಭಾಷೆ ಬದಲಿಸಿದರೆ ಸಾಕು, ಅರ್ಥ ತಾನಾಗಿ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳಿಗೆ ಈ ಸಮಸ್ಯೆ ಒಂದೇ ಬೇಸಿಗೆಯಲ್ಲಿ ಎದುರಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿ ‘ವೇಗೋತ್ಕರ್ಷ’ ಎಂದು ಕಲಿತವರು ಜೂನ್ ತಿಂಗಳಲ್ಲಿ ‘ಆಕ್ಸಲರೇಷನ್’ ಎಂಬುದನ್ನು ಎದುರಿಸುತ್ತಾರೆ. ಪರಿಕಲ್ಪನೆ ಅವರಲ್ಲಿ ಇದೆ, ಗುರುತು ಹಿಡಿಯುವುದು ಕಷ್ಟ. ಮೊದಲ ಕೆಲವು ವಾರಗಳಲ್ಲಿ ಉಪನ್ಯಾಸಕರು ಎರಡೂ ಪದಗಳನ್ನು ಜೊತೆಗಿಟ್ಟು ಹೇಳಿದರೆ ಇವರು ಬೇಗ ಚೇತರಿಸಿಕೊಳ್ಳಬಲ್ಲರು. ಇಂಗ್ಲಿಷ್ ಬಾರದವರು ಎಂದು ಹಿಂದಿನ ಬೆಂಚಿಗೆ ತಳ್ಳಿದರೆ, ಬಲ್ಲ ಭೌತಶಾಸ್ತ್ರವನ್ನೂ ಬಿಟ್ಟುಬಿಡುತ್ತಾರೆ.

ಪರೀಕ್ಷಾ ಪದ್ಧತಿ ಈ ಎಲ್ಲಕ್ಕಿಂತ ನಿಧಾನವಾಗಿ ಬದಲಾಗುತ್ತಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ದೊರೆಯುತ್ತಿದೆ, ಅದರಲ್ಲಿ ಇಂಗ್ಲಿಷ್ ಪಠ್ಯವೂ ಜೊತೆಗಿರುತ್ತದೆ. ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಅವಕಾಶ ಅಲ್ಲಿದೆ. ಆದರೆ ಅಲ್ಲಿ ಉತ್ತರ ಬರೆಯಬೇಕಿಲ್ಲ, ಗುರುತು ಹಾಕಿದರೆ ಸಾಕು. ಕಾರಣ ವಿವರಿಸಿ ಬರೆಯಬೇಕಾದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮಗು ತಾನು ನೋಂದಾಯಿಸಿದ ಮಾಧ್ಯಮದಲ್ಲೇ ಉತ್ತರಿಸಬೇಕು. ಮಂಜುಗಡ್ಡೆ ಯಾಕೆ ಹೆಚ್ಚು ತಂಪು ಮಾಡುತ್ತದೆ ಎಂದು ಕನ್ನಡದಲ್ಲಿ ಸರಿಯಾಗಿ ಬರೆದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಆ ಪ್ರಶ್ನೆಯ ಅಂಕ ಕೊಡುವ ವ್ಯವಸ್ಥೆ ಇನ್ನೂ ಆಗಿಲ್ಲ.